ಶಾಲಾ ಶಿಕ್ಷಕರು ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಬರುವಾಗ ರೆಸ್ಯೂಮೆಯನ್ನು ಯಾವ ಕ್ರಮದಲ್ಲಿ ಜೋಡಿಸಬೇಕು?

ಟೆಸ್ಟಿಂಗ್ ತಂಡಕ್ಕೆ ಜನ ತೆಗೆದುಕೊಳ್ಳುವಾಗ ಶಿಕ್ಷಕರ ರೆಸ್ಯೂಮೆಗಳು ಆಗಾಗ ನನ್ನ ಕೈಗೆ ಬರುತ್ತವೆ. ಅವುಗಳಲ್ಲಿ ಸರಕು ಇರುತ್ತದೆ. ಎಂಟು ಹತ್ತು ವರ್ಷದ ಕೆಲಸ, ಸಂಜೆ ಕ್ಲಾಸಿನಲ್ಲಿ ಕಲಿತ ಟೆಸ್ಟಿಂಗ್, ಒಂದೆರಡು ಪ್ರಾಜೆಕ್ಟ್. ಆದರೆ ಎಷ್ಟೋ ಸಲ ಬೇಕಾದ ಸಾಲು ಎರಡನೇ ಪುಟದ ಕೊನೆಯಲ್ಲಿ ಸಿಗುತ್ತದೆ. ಅಷ್ಟು ಕೆಳಗೆ ಓದುವ ಪುರುಸೊತ್ತು ಎಲ್ಲ ರಿಕ್ರೂಟರ್‌ಗಳಿಗೂ ಇರುವುದಿಲ್ಲ. ಅದಕ್ಕೇ ಬರೆಯಲು ಕೂರುವ ಮೊದಲು ಯಾವುದು ಎಲ್ಲಿ ಬರಬೇಕು ಅಂತ ತೀರ್ಮಾನಿಸಿಕೊಳ್ಳಬೇಕು.

ಚಾಲ್ತಿಯಲ್ಲಿರುವ ಕ್ರಮಗಳು ಮೂರು. ಕ್ರೊನೊಲಾಜಿಕಲ್‌ನಲ್ಲಿ ಈಗಿನ ಕೆಲಸದಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತೀರಿ. ಪ್ರತಿ ಕೆಲಸಕ್ಕೂ ಹುದ್ದೆ, ಸಂಸ್ಥೆ, ತಿಂಗಳು, ವರ್ಷ ಇರುತ್ತದೆ. ಫಂಕ್ಷನಲ್‌ನಲ್ಲಿ ಪುಟದ ತುಂಬ ಕೌಶಲಗಳೇ ಇರುತ್ತವೆ. ಎಲ್ಲಿ, ಯಾವಾಗ ಕೆಲಸ ಮಾಡಿದಿರಿ ಅನ್ನುವುದು ಕೊನೆಯಲ್ಲಿ ಎರಡು ಸಾಲಿಗೆ ಮುಗಿಯುತ್ತದೆ, ಕೆಲವರು ಅದನ್ನೂ ಬಿಡುತ್ತಾರೆ. ಕಾಂಬಿನೇಷನ್‌ನಲ್ಲಿ ಮೇಲೆ ಕೌಶಲ ಮತ್ತು ಅದಕ್ಕೆ ಪುರಾವೆ ಬರುತ್ತದೆ. ಕೆಳಗೆ ಕೆಲಸದ ಇತಿಹಾಸ ದಿನಾಂಕ ಸಮೇತ ಪೂರ್ತಿ ಇರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನ ಶಿಕ್ಷಕರಿಗೆ ಕಾಂಬಿನೇಷನ್ ಸರಿ. ಕೆಲವರಿಗೆ ಕ್ರೊನೊಲಾಜಿಕಲ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಫಂಕ್ಷನಲ್ ಮಾತ್ರ ಬೆಂಗಳೂರಿನ ಮಾರುಕಟ್ಟೆಯಲ್ಲಿ ನಿಮಗೆ ಕೇಡು ಮಾಡುವುದೇ ಜಾಸ್ತಿ.

ಹೆಜ್ಜೆ 1: ಎರಡು ಪಟ್ಟಿ ಬರೆಯಿರಿ

ವರ್ಡ್ ತೆರೆಯುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ, ಟೆಸ್ಟಿಂಗ್ ಅಂತಲೇ ಮಾಡಿದ ಕೆಲಸ. ಬರೆದ ಟೆಸ್ಟ್ ಕೇಸ್‌ಗಳು, ವರದಿ ಮಾಡಿದ ಬಗ್‌ಗಳು, ಬಗ್ ದಾಖಲಿಸುವ ಸಾಫ್ಟ್‌ವೇರ್ ಜಿರಾ ಬಳಸಿದ್ದರೆ ಅದು, ಬರೆಯಲು ಬರುವ ಎಸ್‌ಕ್ಯೂಎಲ್ ಕ್ವೆರಿಗಳು, ಟೆಸ್ಟಿಂಗ್‌ನ ಸರ್ಟಿಫಿಕೇಟ್ ಪರೀಕ್ಷೆಯಾದ ಐಎಸ್‌ಟಿಕ್ಯೂಬಿ ಫೌಂಡೇಶನ್ ಪಾಸಾಗಿದ್ದರೆ ಅದು. ಬಲಗಡೆ, ಶಾಲೆಯಲ್ಲಿ ಮಾಡಿದ್ದರಲ್ಲಿ ಟೆಸ್ಟಿಂಗ್‌ಗೆ ನಿಜವಾಗಿಯೂ ಹತ್ತಿರ ಇರುವ ಕೆಲಸ.

ಬಲಗಡೆಯ ಪಟ್ಟಿಯಲ್ಲಿ ತಾಳ್ಮೆ, ಸಂವಹನ, ನಾಯಕತ್ವ ಅಂತ ಬರೆಯಬೇಡಿ. ಅವು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತವೆ. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮಾಡಿದ್ದೀರಲ್ವಾ, ಅದನ್ನು ಬರೆಯಿರಿ. ಯಾವ ಘಟಕಕ್ಕೆ ಎಷ್ಟು ಅಂಕ, ಯಾವ ಉದ್ದೇಶಕ್ಕೆ ಎಷ್ಟು, ಸುಲಭ ಎಷ್ಟು, ಕಠಿಣ ಎಷ್ಟು ಅಂತ ಕೋಷ್ಟಕ ಹಾಕಿ, ಯಾವ ಘಟಕವೂ ಬಿಟ್ಟುಹೋಗದಂತೆ ನೋಡಿಕೊಳ್ಳುತ್ತೀರಿ. ಟೆಸ್ಟಿಂಗ್‌ನಲ್ಲಿ ಪ್ರತಿ ರಿಕ್ವೈರ್‌ಮೆಂಟ್‌ಗೂ ಕನಿಷ್ಠ ಒಂದು ಟೆಸ್ಟ್ ಕೇಸ್ ಇದೆಯಾ ಅಂತ ನೋಡಲು ಟ್ರೇಸೆಬಿಲಿಟಿ ಮ್ಯಾಟ್ರಿಕ್ಸ್ ಮಾಡುತ್ತಾರೆ. ಎರಡರ ಹಿಂದಿನ ಯೋಚನೆಯೂ ಒಂದೇ. ಹಾಗೆಯೇ ಮೌಲ್ಯಮಾಪನದ ಮಾದರಿ ಉತ್ತರ ಬರೆದವರಿಗೆ, ಟೆಸ್ಟ್ ಕೇಸಿನಲ್ಲಿ ನಿರೀಕ್ಷಿತ ಫಲಿತಾಂಶವನ್ನು ಮೊದಲೇ ಬರೆದಿಡಬೇಕು ಅನ್ನುವುದು ಹೊಸದೇನಲ್ಲ. ಶಿಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಮಕ್ಕಳ ವಿವರ ತುಂಬಿಸಿ, ದಾಖಲಾತಿ ಪುಸ್ತಕದ ಜೊತೆ ತಾಳೆ ನೋಡಿ, ತಪ್ಪು ತಿದ್ದಿಸಿದ್ದರೆ ಅದೂ ಇಲ್ಲಿಗೆ ಸೇರುತ್ತದೆ.

ಎರಡೂ ಪಟ್ಟಿಗಳ ಪ್ರತಿ ಸಾಲಿನ ಮುಂದೆ "ತೋರಿಸಿ ಅಂದರೆ ಏನು ತೋರಿಸುತ್ತೀರಿ?" ಅನ್ನುವುದಕ್ಕೆ ಉತ್ತರ ಬರೆಯಿರಿ. ಒಂದು ಎಕ್ಸೆಲ್ ಶೀಟ್ ಆಗಬಹುದು, ಬಗ್ ರಿಪೋರ್ಟ್ ಆಗಬಹುದು, ಸರ್ಟಿಫಿಕೇಟ್ ಆಗಬಹುದು. ಉತ್ತರ ಇಲ್ಲದ ಸಾಲನ್ನು ಹೊಡೆದುಹಾಕಿ. ಯಾವ ಕ್ರಮ ಆರಿಸಬೇಕು ಅನ್ನುವುದು ಎಡಗಡೆ ಉಳಿದ ಸಾಲುಗಳ ಮೇಲೆ ನಿಂತಿದೆ.

ಹೆಜ್ಜೆ 2: ಒಂದೇ ಮಾಹಿತಿಯನ್ನು ಮೂರು ರೀತಿ ಜೋಡಿಸಿ ನೋಡಿ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದ ಒಂದು ಖಾಸಗಿ ಹೈಸ್ಕೂಲಿನ ಗಣಿತ ಶಿಕ್ಷಕಿ. ಬಿಎಸ್ಸಿ, ಬಿಎಡ್ ಆಗಿದೆ. ಜೂನ್ 2015ರಿಂದ ಮಾರ್ಚ್ 2017ರವರೆಗೆ ಒಂದು ಶಾಲೆ, ಜೂನ್ 2017ರಿಂದ ಏಪ್ರಿಲ್ 2025ರವರೆಗೆ ಇನ್ನೊಂದು. ಕೊನೆಯ ಆರು ತಿಂಗಳು ಸಂಜೆ ಹೊತ್ತು ಮ್ಯಾನ್ಯುಯಲ್ ಟೆಸ್ಟಿಂಗ್ ಮತ್ತು ಎಸ್‌ಕ್ಯೂಎಲ್ ಕಲಿತಿದ್ದಾರೆ. ಕೈಯಲ್ಲಿ ಎರಡು ಪ್ರಾಜೆಕ್ಟ್ ಇವೆ.

ಕ್ರೊನೊಲಾಜಿಕಲ್ ಆಗಿ ಜೋಡಿಸಿದರೆ ಮೇಲ್ಭಾಗದಲ್ಲಿ "ಗಣಿತ ಶಿಕ್ಷಕಿ, 2017–2025" ಅಂತ ಬರುತ್ತದೆ. ಅದರ ಕೆಳಗೆ 8ರಿಂದ 10ನೇ ತರಗತಿಗೆ ಪಾಠ, ಫಲಿತಾಂಶ, ಪ್ರತಿಭಾ ಕಾರಂಜಿ ಉಸ್ತುವಾರಿ. ಆಮೇಲೆ ಇನ್ನೊಂದು ಶಾಲೆ. ಆಮೇಲೆ ಓದು. ಟೆಸ್ಟಿಂಗ್ ಅನ್ನುವ ಪದ ಎಲ್ಲೋ ಕೊನೆಯಲ್ಲಿ. ಓದುವವರಿಗೆ ಇದು ತಪ್ಪಾಗಿ ಬಂದ ಅರ್ಜಿ ಅನ್ನಿಸುತ್ತದೆ.

ಫಂಕ್ಷನಲ್ ಆಗಿ ಜೋಡಿಸಿದರೆ ಮೇಲೆ "ಟೆಸ್ಟ್ ಕೇಸ್ ಡಿಸೈನ್", "ಡಿಫೆಕ್ಟ್ ರಿಪೋರ್ಟಿಂಗ್", "ಡೇಟಾ ವ್ಯಾಲಿಡೇಶನ್" ಅಂತ ತಲೆಬರಹಗಳು. ನೋಡಲು ಟೆಸ್ಟರ್‌ದೇ ರೆಸ್ಯೂಮೆ. ಆದರೆ ಪ್ರತಿ ಸಾಲಿಗೂ "ಇದನ್ನು ಎಲ್ಲಿ ಮಾಡಿದರು?" ಅನ್ನುವ ಪ್ರಶ್ನೆ ಏಳುತ್ತದೆ, ಉತ್ತರ ಪುಟದಲ್ಲಿ ಇರುವುದಿಲ್ಲ.

ಕಾಂಬಿನೇಷನ್‌ನಲ್ಲಿ ಮೊದಲ ಮೂರು ಸಾಲಿನಲ್ಲೇ ಇವರು ಹತ್ತು ವರ್ಷ ಪಾಠ ಮಾಡಿದ ಶಿಕ್ಷಕಿ, ಈಗ ಟೆಸ್ಟಿಂಗ್‌ಗೆ ಬರುತ್ತಿದ್ದಾರೆ ಅಂತ ತಿಳಿಯುತ್ತದೆ. ಕೂಡಲೇ ಕೆಳಗೆ ಎರಡು ಪ್ರಾಜೆಕ್ಟ್ ಕಾಣುತ್ತವೆ. ಅದರ ಕೆಳಗೆ ಎರಡೂ ಶಾಲೆ, ತಿಂಗಳು ವರ್ಷದ ಸಮೇತ. ಮುಚ್ಚಿಟ್ಟಿದ್ದು ಏನೂ ಇಲ್ಲ, ಬೇಕಾದ್ದು ಮೊದಲು ಕಣ್ಣಿಗೆ ಬಿತ್ತು.

ಫಂಕ್ಷನಲ್ ಇಲ್ಲಿ ಯಾಕೆ ಕೈಕೊಡುತ್ತದೆ

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. "ಕೆಲಸದ ಕ್ಷೇತ್ರ ಬದಲಿಸುವವರಿಗೆ ಫಂಕ್ಷನಲ್ ಒಳ್ಳೆಯದು" ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಬೆಂಗಳೂರಿನ ಟೆಸ್ಟಿಂಗ್ ಮಾರುಕಟ್ಟೆಗೆ ಆ ಸಲಹೆ ಹೊಂದುವುದಿಲ್ಲ. ಇಲ್ಲಿ ನಕಲಿ ಅನುಭವದ ಹಾವಳಿ ಇದೆ. ಕೋರ್ಸ್ ಮುಗಿಸಿದವರಿಗೆ ಎರಡು ಮೂರು ವರ್ಷದ ಅನುಭವ "ಹಾಕಿಸಿಕೊಡುವ" ಜನ ಇದ್ದಾರೆ. ಹಾಗಾಗಿ ರೆಸ್ಯೂಮೆ ನೋಡುವವರ ಕಣ್ಣು ಮೊದಲು ಹೋಗುವುದೇ ದಿನಾಂಕಕ್ಕೆ. ದಿನಾಂಕ ಇಲ್ಲದೆ ಕೌಶಲ ಮಾತ್ರ ತುಂಬಿದ ಪುಟ ಬಂದರೆ, ನಿಮ್ಮದು ಪೂರ್ತಿ ಪ್ರಾಮಾಣಿಕವಾಗಿದ್ದರೂ ಆ ಅನುಮಾನದ ಗುಂಪಿಗೇ ಸೇರುತ್ತದೆ.

ಎರಡನೆಯದು ಎಟಿಎಸ್, ಅಂದರೆ ಅರ್ಜಿಗಳನ್ನು ಓದಿ ವಿಂಗಡಿಸಿ ಇಡುವ ಸಾಫ್ಟ್‌ವೇರ್. ಅದು ಸಾಮಾನ್ಯವಾಗಿ ಹುದ್ದೆ, ಸಂಸ್ಥೆ, ದಿನಾಂಕ ಮೂರನ್ನೂ ಒಟ್ಟಿಗೆ ಹುಡುಕಿ ಅನುಭವದ ಖಾನೆ ತುಂಬಿಸುತ್ತದೆ. ಫಂಕ್ಷನಲ್‌ನಲ್ಲಿ ಆ ಮೂರು ಒಟ್ಟಿಗೆ ಇರುವುದಿಲ್ಲ. ಖಾನೆ ಖಾಲಿ ಉಳಿಯಬಹುದು, ಇಲ್ಲವೇ ತಪ್ಪಾಗಿ ತುಂಬಬಹುದು.

ಮೂರನೆಯದು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್. ಆಫರ್ ಕೊಟ್ಟ ಮೇಲೆ ಅಥವಾ ಸೇರಿದ ಮೇಲೆ ಹಿಂದಿನ ಸಂಸ್ಥೆ, ಹುದ್ದೆ, ದಿನಾಂಕಗಳನ್ನು ಪರಿಶೀಲಿಸುತ್ತಾರೆ. ರಿಲೀವಿಂಗ್ ಲೆಟರ್, ಸಂಬಳದ ಚೀಟಿ ಕೇಳುತ್ತಾರೆ. ಪಿಎಫ್ ಇದ್ದರೆ ಅಲ್ಲಿನ ಸೇವಾ ವಿವರವನ್ನೂ ನೋಡುವುದುಂಟು. ಕಡೆಗೆ ಎಲ್ಲವೂ ಹೊರಬರುವಾಗ ಮೊದಲೇ ಮುಚ್ಚಿಡುವುದರಿಂದ ಸಿಗುವುದೇನೂ ಇಲ್ಲ. ಇದೇ ಕಾರಣಕ್ಕೆ ಹುದ್ದೆಯ ಹೆಸರನ್ನೂ ಬದಲಿಸಬೇಡಿ. ಶಿಕ್ಷಕಿ ಅನ್ನುವುದನ್ನು "ಕ್ವಾಲಿಟಿ ಅನಲಿಸ್ಟ್, ಶಿಕ್ಷಣ ವಿಭಾಗ" ಅಂತ ಮಾಡಿದರೆ ಶಾಲೆಯಿಂದ ಬರುವ ಪತ್ರದಲ್ಲಿ ಬೇರೆಯೇ ಇರುತ್ತದೆ. ಅಲ್ಲಿಗೆ ಆಫರ್ ಹೋಗಬಹುದು.

ಹಾಗಾದರೆ ಮಧ್ಯೆ ಬಿಡುವು ಇರುವವರು, ಮೂರು ನಾಲ್ಕು ಶಾಲೆ ಬದಲಿಸಿದವರು? ಅವರಿಗೂ ಕಾಂಬಿನೇಷನ್ನೇ ಸಾಕು. ಬಿಡುವನ್ನು "ಮೇ 2020 – ಮೇ 2022, ಕುಟುಂಬದ ಕಾರಣಕ್ಕೆ ವಿರಾಮ" ಅಂತ ಒಂದು ಸಾಲಿನಲ್ಲಿ ಬರೆದುಬಿಡಿ. ಬರೆದ ವಿರಾಮದ ಬಗ್ಗೆ ಒಂದೇ ಪ್ರಶ್ನೆ ಬರುತ್ತದೆ. ಬರೆಯದ ವಿರಾಮ ಇಡೀ ರೆಸ್ಯೂಮೆಯ ಮೇಲೆ ಅನುಮಾನ ತರುತ್ತದೆ.

ಕ್ರೊನೊಲಾಜಿಕಲ್ ಯಾರಿಗೆ ಹೊಂದುತ್ತದೆ

ಒಂದು ಪ್ರಶ್ನೆ ಕೇಳಿಕೊಳ್ಳಿ: ಇತ್ತೀಚಿನ ಕೆಲಸದ ಮೊದಲ ಎರಡು ಸಾಲಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸಿದ್ದನ್ನು ನಿಜವಾಗಿ ಬರೆಯಬಹುದಾ?

ಕೆಲವರಿಗೆ ಸಾಧ್ಯ. ಶಾಲೆಗೆ ಹೊಸ ಇಆರ್‌ಪಿ, ಅಂದರೆ ಹಾಜರಾತಿ, ಶುಲ್ಕ ಎಲ್ಲ ನೋಡಿಕೊಳ್ಳುವ ಆಡಳಿತದ ಸಾಫ್ಟ್‌ವೇರ್ ತಂದಾಗ ಎಲ್ಲರಿಗಿಂತ ಮೊದಲು ಬಳಸಿ ನೋಡಿ, ಹಾಜರಾತಿ ತಪ್ಪು ಬರುತ್ತಿದೆ, ಶುಲ್ಕದ ರಸೀದಿ ಎರಡು ಸಲ ಬರುತ್ತಿದೆ ಅಂತ ಪಟ್ಟಿ ಮಾಡಿ ಕಂಪನಿಗೆ ಕಳಿಸಿ, ಅವರು ಸರಿಮಾಡಿದ ಮೇಲೆ ಮತ್ತೆ ನೋಡಿ ಒಪ್ಪಿಗೆ ಕೊಟ್ಟ ಶಿಕ್ಷಕರು ಇದ್ದಾರೆ. ಅದು ಯೂಸರ್ ಅಕ್ಸೆಪ್ಟೆನ್ಸ್ ಟೆಸ್ಟಿಂಗ್‌ನ ಕೆಲಸವೇ. ಅಂಥವರು ಶಾಲೆಯ ಕೆಲಸದಡಿ ಅದನ್ನು ಮೊದಲ ಸಾಲಾಗಿ ಬರೆದು, ಪಾಠ ಮಾಡಿದ್ದನ್ನು ಅದರ ಕೆಳಗೆ ಇಟ್ಟರೆ ಸರಳ ಕ್ರೊನೊಲಾಜಿಕಲ್ ಸಾಕು. ಶಾಲೆ ಬಿಟ್ಟು ಈಗಾಗಲೇ ಟೆಸ್ಟಿಂಗ್ ಇಂಟರ್ನ್‌ಶಿಪ್ ಮಾಡುತ್ತಿರುವವರಿಗೂ ಇದೇ, ಯಾಕೆಂದರೆ ಇತ್ತೀಚಿನ ಕೆಲಸವೇ ಟೆಸ್ಟಿಂಗ್.

ಇನ್ನೊಂದು ಸಂದರ್ಭ ಇದೆ. ಕಲಿಕಾ ಆ್ಯಪ್, ಆನ್‌ಲೈನ್ ಪರೀಕ್ಷೆ, ಶಾಲಾ ಆಡಳಿತದ ಸಾಫ್ಟ್‌ವೇರ್ ಮಾಡುವ ಕಂಪನಿಗೆ ಅರ್ಜಿ ಹಾಕುತ್ತಿದ್ದರೆ ತರಗತಿಯ ಅನುಭವಕ್ಕೇ ಬೆಲೆ ಇದೆ. ಗೈರಾದ ಮಗುವಿನ ಅಂಕ ಹೇಗೆ ನಮೂದಾಗಬೇಕು, ಎಫ್‌ಎ ಮತ್ತು ಎಸ್‌ಎ ಅಂಕ ಹೇಗೆ ಸೇರಬೇಕು ಅಂತ ಶಿಕ್ಷಕರಿಗೆ ಕೇಳದೆಯೇ ಗೊತ್ತು. ಅಲ್ಲಿ ಶಾಲೆಯ ಹೆಸರು ಮೇಲೆ ಬಂದರೂ ತೊಂದರೆಯಿಲ್ಲ.

ಈ ಮೂರರಲ್ಲಿ ಯಾವುದೂ ನಿಮ್ಮ ಕಥೆ ಅಲ್ಲದಿದ್ದರೆ ಕಾಂಬಿನೇಷನ್‌ಗೆ ಬನ್ನಿ.

ಹೆಜ್ಜೆ 3: ಕಾಂಬಿನೇಷನ್ ಕಟ್ಟುವುದು

ತಲೆಬರಹಗಳನ್ನು ಎಲ್ಲರಿಗೂ ಪರಿಚಯ ಇರುವ ಹೆಸರಲ್ಲೇ ಇಡಿ. "ನನ್ನ ಪಯಣ" ಥರದ ಹೊಸ ಹೆಸರನ್ನು ಸಾಫ್ಟ್‌ವೇರ್ ಗುರುತಿಸದೇ ಹೋಗಬಹುದು. ಕ್ರಮ ಹೀಗೆ:

```
SUMMARY
SKILLS
TESTING PROJECTS
WORK EXPERIENCE
EDUCATION AND CERTIFICATIONS
```

ಸಮ್ಮರಿ ಮೂರು ಸಾಲು ಮೀರಬಾರದು. ರೆಸ್ಯೂಮೆ ಇಂಗ್ಲಿಷ್‌ನಲ್ಲಿ ಇರುತ್ತದೆ, ವಿಷಯ ತಿಳಿಯಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಾಸನದ ಶಿಕ್ಷಕಿ ಹೀಗೆ ಬರೆಯಬಹುದು: "ಸುಮಾರು ಹತ್ತು ವರ್ಷ ಅನುಭವದ ಗಣಿತ ಶಿಕ್ಷಕಿ, ಆರಂಭಿಕ ಹಂತದ ಮ್ಯಾನ್ಯುಯಲ್ ಟೆಸ್ಟಿಂಗ್ ಕೆಲಸ ಹುಡುಕುತ್ತಿದ್ದೇನೆ. ಟೆಸ್ಟ್ ಕೇಸ್ ಬರೆಯುವುದು, ಬಗ್ ರಿಪೋರ್ಟ್, ಎಸ್‌ಕ್ಯೂಎಲ್ ಕಲಿತು ಎರಡು ಸ್ವಂತ ಪ್ರಾಜೆಕ್ಟ್ ಮಾಡಿದ್ದೇನೆ." ಇಲ್ಲಿ ಎರಡು ಅನುಭವವನ್ನೂ ಬೇರೆ ಬೇರೆಯಾಗಿ ಹೇಳಿದೆ. "ಹತ್ತು ವರ್ಷ ಗುಣಮಟ್ಟ ಪರಿಶೀಲನೆಯಲ್ಲಿ" ಅಂತ ಎರಡನ್ನೂ ಬೆರೆಸಿದರೆ ಇಂಟರ್‌ವ್ಯೂನ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಸ್ಕಿಲ್ಸ್ ಭಾಗವನ್ನು ಚಿಕ್ಕದಾಗಿಡಿ. ಕೆಳಗಿನ ಪ್ರಾಜೆಕ್ಟ್‌ನಲ್ಲೋ ಶಾಲೆಯ ಕೆಲಸದಲ್ಲೋ ಬಳಸಿದ್ದು ಕಾಣುವ ಕೌಶಲ ಮಾತ್ರ ಇಲ್ಲಿರಲಿ. ಒಂದು ವಿಡಿಯೊ ನೋಡಿ, ಆಟೊಮೇಶನ್ ಟೆಸ್ಟಿಂಗ್‌ಗೆ ಬಳಸುವ ಸೆಲೆನಿಯಂ ಬರುತ್ತದೆ ಅಂತ ಬರೆಯಬೇಡಿ. ಬರೆದರೆ ಅದರ ಬಗ್ಗೆಯೇ ಕೇಳುತ್ತಾರೆ.

ಕಾಂಬಿನೇಷನ್‌ನ ಜೀವ ಇರುವುದು ಪ್ರಾಜೆಕ್ಟ್ ಭಾಗದಲ್ಲಿ. ಇದು ಬಡಕಲಾಗಿದ್ದರೆ ನೀವು ಮಾಡಿದ್ದು ಫಂಕ್ಷನಲ್ಲೇ, ಹೆಸರು ಮಾತ್ರ ಬೇರೆ. ಕಲಿಯುವವರು ಹೆಚ್ಚಾಗಿ ಅಭ್ಯಾಸಕ್ಕೆ ಇಟ್ಟ ಶಾಪಿಂಗ್ ಸೈಟ್‌ನಲ್ಲಿ ಲಾಗಿನ್ ಪರೀಕ್ಷಿಸಿದ್ದನ್ನು ಹಾಕುತ್ತಾರೆ. ಅದು ತಪ್ಪಲ್ಲ, ಆದರೆ ಅದೇ ಪ್ರಾಜೆಕ್ಟ್ ಬೇಕಾದಷ್ಟು ರೆಸ್ಯೂಮೆಗಳಲ್ಲಿ ಇರುತ್ತದೆ. ಶಿಕ್ಷಕರ ಹತ್ತಿರ ಅದಕ್ಕಿಂತ ಒಳ್ಳೆಯ ಸರಕಿದೆ. ಅಂಕಪಟ್ಟಿಯ ಎಕ್ಸೆಲ್ ಶೀಟನ್ನೇ ತೆಗೆದುಕೊಳ್ಳಿ. ನಿಯಮ ಹೀಗಿದೆ ಅಂತಿಟ್ಟುಕೊಳ್ಳಿ: 90 ಮತ್ತು ಮೇಲ್ಪಟ್ಟು ಎ+, 70ರಿಂದ 89ಕ್ಕೆ ಎ, ಉಳಿದದ್ದಕ್ಕೆ ಸದ್ಯಕ್ಕೆ ಬಿ+. ಸೂತ್ರ ಇದು:

```
=IF(F2>=90,"A+",IF(F2>=70,"A","B+"))
```

ಗಡಿಯಂಚಿನ ಅಂಕಗಳನ್ನು ಹಾಕಿ ನೋಡಿ: 69, 70, 89, 90. ಎಲ್ಲ ಸರಿ ಬರುತ್ತದೆ. ಇದಕ್ಕೆ ಬೌಂಡರಿ ವ್ಯಾಲ್ಯೂ ಅನಾಲಿಸಿಸ್ ಅನ್ನುತ್ತಾರೆ. ಈಗ ಗೈರಾದ ಮಗುವಿಗೆ ನೀವು ಬರೆಯುವ ಹಾಗೆ `AB` ಅಂತ ಹಾಕಿ. ಗ್ರೇಡ್ `A+` ಬರುತ್ತದೆ! ಎಕ್ಸೆಲ್ ಹೋಲಿಸುವಾಗ ಅಕ್ಷರವನ್ನು ಯಾವ ಸಂಖ್ಯೆಗಿಂತಲೂ ದೊಡ್ಡದು ಅಂತ ಲೆಕ್ಕ ಹಾಕುತ್ತದೆ, ಅದಕ್ಕೆ. ಆಮೇಲೆ 89.5 ಹಾಕಿ, ದಶಮಾಂಶ ಕಾಣದ ಹಾಗೆ ಸೆಲ್ ಬದಲಿಸಿ. ಕಣ್ಣಿಗೆ 90 ಕಾಣುತ್ತದೆ, ಗ್ರೇಡ್ ಮಾತ್ರ ಎ. ಸೂತ್ರ ನೋಡುವುದು ಒಳಗಿನ 89.5 ಅನ್ನು. ಕೊನೆಗೆ 101 ಹಾಕಿ. ಶೀಟ್ ತಕರಾರಿಲ್ಲದೆ ಎ+ ಕೊಡುತ್ತದೆ.

ಈ ಮೂರಕ್ಕೂ ಬಗ್ ರಿಪೋರ್ಟ್ ಬರೆಯಿರಿ. ಶೀರ್ಷಿಕೆ, ಮಾಡಿದ ಹಂತಗಳು, ನಿರೀಕ್ಷಿತ ಫಲಿತಾಂಶ, ಬಂದ ಫಲಿತಾಂಶ, ತೀವ್ರತೆ, ಸ್ಕ್ರೀನ್‌ಶಾಟ್. 89.5ರ ವಿಷಯದಲ್ಲಿ ಯಾವುದು ಸರಿ ಅಂತ ನೀವೇ ತೀರ್ಮಾನಿಸಬೇಡಿ. ಅಂಕವನ್ನು ಪೂರ್ಣಾಂಕಕ್ಕೆ ತಂದ ಮೇಲೆ ಗ್ರೇಡ್ ಕೊಡಬೇಕಾ, ಮೊದಲಾ ಅಂತ ನಿಯಮ ಹೇಳುವುದಿಲ್ಲ, ಸ್ಪಷ್ಟನೆ ಬೇಕು ಅಂತ ಬರೆಯಿರಿ. ಇಂಥ ಪ್ರಶ್ನೆ ಎತ್ತುವವರನ್ನೇ ನಾವು ಹುಡುಕುತ್ತಿರುತ್ತೇವೆ.

ರೆಸ್ಯೂಮೆಯಲ್ಲಿ ಇದು ಎರಡೇ ಸಾಲು: "ಶಾಲಾ ಗ್ರೇಡ್ ಶೀಟ್ ಪರೀಕ್ಷೆ, ಸ್ವಂತ ಪ್ರಾಜೆಕ್ಟ್, ಮಾರ್ಚ್ 2025. ಬೌಂಡರಿ ವ್ಯಾಲ್ಯೂ ಬಳಸಿ 18 ಟೆಸ್ಟ್ ಕೇಸ್ ಬರೆದು 3 ಬಗ್ ವರದಿ ಮಾಡಿದೆ. ಗೈರಾದ ವಿದ್ಯಾರ್ಥಿಗೆ ಅತಿ ಹೆಚ್ಚಿನ ಗ್ರೇಡ್ ಬರುತ್ತಿದ್ದುದು ಅದರಲ್ಲಿ ಒಂದು." ಸಂಖ್ಯೆ ನಿಮ್ಮ ಶೀಟ್‌ನಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ. "ಸ್ವಂತ ಪ್ರಾಜೆಕ್ಟ್" ಅನ್ನುವ ಪದ ಬಿಡಬೇಡಿ, ಇಲ್ಲವಾದರೆ ಯಾವ ಕಂಪನಿಗೆ ಮಾಡಿದ್ದು ಅಂತ ಕೇಳುತ್ತಾರೆ. ಶೀಟನ್ನು ಗೂಗಲ್ ಡ್ರೈವ್‌ನಲ್ಲಿಟ್ಟು ಲಿಂಕ್ ಕೊಡಿ. ಆದರೆ ಮಕ್ಕಳ ನಿಜವಾದ ಹೆಸರು, ಅಂಕ ಒಂದೂ ಇರಕೂಡದು. ಶಾಲೆಯ ಇಆರ್‌ಪಿಯ ಸ್ಕ್ರೀನ್‌ಶಾಟ್ ಕೂಡ ಬೇಡ. ಡೇಟಾ ಜೋಪಾನ ಮಾಡಲು ಬಾರದವರನ್ನು ಟೆಸ್ಟಿಂಗ್ ತಂಡಕ್ಕೆ ತೆಗೆದುಕೊಳ್ಳಲು ಯಾರೂ ಮುಂದಾಗುವುದಿಲ್ಲ.

ಕೆಲಸದ ಇತಿಹಾಸದಲ್ಲಿ ಈಗಿನ ಶಾಲೆಗೆ ಮೂರು ನಾಲ್ಕು ಸಾಲು, ಹಿಂದಿನದಕ್ಕೆ ಒಂದು ಸಾಕು. ಹೆಜ್ಜೆ 1ರ ಬಲಗಡೆ ಪಟ್ಟಿ ಬರುವುದು ಇಲ್ಲಿ. "10ನೇ ತರಗತಿ ಗಣಿತಕ್ಕೆ ನೀಲನಕ್ಷೆ ಮತ್ತು ಪ್ರಶ್ನೆಪತ್ರಿಕೆ ತಯಾರಿಸಿದೆ, ಪ್ರತಿ ಘಟಕವೂ ಅದರಲ್ಲಿ ಬಂದಿದೆಯೇ ಎಂದು ಪರಿಶೀಲಿಸಿದೆ" ಅಂತ ಶಾಲೆಯ ಭಾಷೆಯಲ್ಲೇ ಬರೆಯಿರಿ. ಅದನ್ನು "ಟೆಸ್ಟ್ ಪ್ಲಾನಿಂಗ್" ಅಂತ ಕರೆಯಬೇಡಿ. ಹೋಲಿಕೆ ಓದುವವರಿಗೆ ತಾನಾಗಿ ಹೊಳೆಯುತ್ತದೆ, ಹೊಳೆಯದಿದ್ದರೆ ಇಂಟರ್‌ವ್ಯೂನಲ್ಲಿ ಬಾಯಿಮಾತಲ್ಲಿ ಹೇಳಿ. ಪ್ರತಿಭಾ ಕಾರಂಜಿ, ಶಾಲಾ ಪ್ರವಾಸ ಇವನ್ನು ಬಿಟ್ಟುಬಿಡಿ. ಎಲ್ಲ ಸೇರಿ ಒಂದು ಪುಟ, ತೀರಾ ಬೇಕಾದರೆ ಎರಡು.

ಹೆಜ್ಜೆ 4: ನೌಕ್ರಿ ಪ್ರೊಫೈಲ್ ಜೊತೆ ತಾಳೆ ನೋಡಿ

ನೀವು ಯಾವ ಕ್ರಮ ಆರಿಸಿದರೂ ನೌಕ್ರಿ, ಲಿಂಕ್ಡ್‌ಇನ್ ಪ್ರೊಫೈಲ್‌ಗಳಲ್ಲಿ ಕೆಲಸದ ವಿವರ ದಿನಾಂಕದ ಪ್ರಕಾರವೇ ಇರುತ್ತದೆ. ರೆಸ್ಯೂಮೆಯಲ್ಲಿ ಜೂನ್ 2017, ಪ್ರೊಫೈಲ್‌ನಲ್ಲಿ ಜನವರಿ 2017 ಅಂತಿದ್ದರೆ ಅದೊಂದೇ ಸಾಕು ಅನುಮಾನಕ್ಕೆ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ನೋಡಿ.

ಇಲ್ಲಿ ಒಂದು ಇಕ್ಕಟ್ಟು ಇದೆ. ಒಟ್ಟು ಅನುಭವ ಎಷ್ಟು ಅಂತ ಕೇಳುವ ಖಾನೆಯಲ್ಲಿ ಹತ್ತು ವರ್ಷ ಅಂತ ತುಂಬಿದರೆ, 0–2 ವರ್ಷದವರನ್ನು ಹುಡುಕುವ ರಿಕ್ರೂಟರ್‌ಗೆ ನೀವು ಕಾಣದೇ ಹೋಗಬಹುದು. ಸೊನ್ನೆ ತುಂಬಿದರೆ ರೆಸ್ಯೂಮೆಗೆ ಹೊಂದುವುದಿಲ್ಲ. ನಿಜವಾದ ಸಂಖ್ಯೆಯನ್ನೇ ತುಂಬಿ. ಪ್ರೊಫೈಲ್‌ನ `Resume headline` ಜಾಗದಲ್ಲಿ, ಆರಂಭಿಕ ಹಂತದ ಟೆಸ್ಟಿಂಗ್ ಕೆಲಸ ಹುಡುಕುತ್ತಿರುವ ಶಿಕ್ಷಕಿ ಅಂತ ಸ್ಪಷ್ಟವಾಗಿ ಬರೆಯಿರಿ. ಅರ್ಜಿ ಫಾರ್ಮ್ ಟೆಸ್ಟಿಂಗ್ ಅನುಭವ ಎಷ್ಟು ಅಂತ ಬೇರೆ ಕೇಳಿದರೆ ಅಲ್ಲಿ ಸೊನ್ನೆಯೇ ಸರಿ. "ಇಂಥ ವರ್ಷ ಪಾಸಾದವರು ಮಾತ್ರ" ಅನ್ನುವ ಫ್ರೆಶರ್ ಡ್ರೈವ್‌ಗಳಿಗೆ ಯಾವ ಕ್ರಮದ ರೆಸ್ಯೂಮೆಯೂ ದಾರಿ ಮಾಡಿಕೊಡುವುದಿಲ್ಲ. ಅಲ್ಲಿ ಸಮಯ ಕಳೆಯುವ ಬದಲು ಕಂಪನಿಯ ಒಳಗಿರುವ ಹಳೆಯ ವಿದ್ಯಾರ್ಥಿಗಳನ್ನು ರೆಫರಲ್ ಕೇಳಿ. ಟೀಚರ್‌ಗಳಿಗೆ ಈ ಒಂದು ಅನುಕೂಲ ಬೇರೆಯವರಿಗಿಂತ ಜಾಸ್ತಿ ಇದೆ.

ನೋಟಿಸ್ ಅವಧಿಯನ್ನೂ ನಿಜವಾಗಿ ಬರೆಯಿರಿ. ಶೈಕ್ಷಣಿಕ ವರ್ಷದ ನಡುವೆ ಬಿಡಲು ನಿಮ್ಮ ಶಾಲೆ ಒಪ್ಪದಿದ್ದರೆ ಏಪ್ರಿಲ್‌ನಲ್ಲಿ ಸೇರಬಹುದು ಅಂತ ಹೇಳಿ. ರಿಲೀವಿಂಗ್ ಲೆಟರ್ ಇಲ್ಲದೆ ಹೊರಬಂದರೆ ವೆರಿಫಿಕೇಶನ್ ಹೊತ್ತಿಗೆ ಅದಕ್ಕಾಗಿ ಅಲೆಯಬೇಕಾಗುತ್ತದೆ.

ಹೆಜ್ಜೆ 5: ಕಳಿಸುವ ಮೊದಲು ಎರಡು ಪರೀಕ್ಷೆ

ಮೊದಲನೆಯದು, ಪಿಡಿಎಫ್ ತೆರೆದು ಎಲ್ಲವನ್ನೂ ಆಯ್ಕೆಮಾಡಿ ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಸಾಲುಗಳು ನೀವು ಬರೆದ ಕ್ರಮದಲ್ಲೇ ಬಂದಿವೆಯಾ? ಎರಡು ಕಾಲಮ್ ಇರುವ ಬಣ್ಣಬಣ್ಣದ ಟೆಂಪ್ಲೇಟ್‌ಗಳಲ್ಲಿ ಸ್ಕಿಲ್ಸ್ ಸಾಲು ಹೋಗಿ ಶಾಲೆಯ ದಿನಾಂಕದ ಮಧ್ಯೆ ಕೂತಿರುವುದುಂಟು. ಹಾಗೆ ಬಂದರೆ ಒಂದೇ ಕಾಲಮ್‌ಗೆ ಬದಲಿಸಿ, ಟೇಬಲ್ ಮತ್ತು ಟೆಕ್ಸ್ಟ್ ಬಾಕ್ಸ್ ತೆಗೆಯಿರಿ.

ಎರಡನೆಯದಕ್ಕೆ ಒಬ್ಬರ ಸಹಾಯ ಬೇಕು. ಐಟಿಯಲ್ಲಿರುವ ಯಾರಿಗಾದರೂ ಪುಟದ ಮೇಲಿನ ಮೂರನೇ ಒಂದು ಭಾಗ ಮಾತ್ರ ತೋರಿಸಿ, ಉಳಿದದ್ದನ್ನು ಮುಚ್ಚಿ. ಇವರು ಯಾವ ಕೆಲಸ ಕೇಳುತ್ತಿದ್ದಾರೆ, ಇಲ್ಲಿಯವರೆಗೆ ಏನು ಮಾಡುತ್ತಿದ್ದರು, ಟೆಸ್ಟಿಂಗ್ ಬರುತ್ತದೆ ಅನ್ನುವುದಕ್ಕೆ ಏನು ಕಂಡಿತು ಅಂತ ಕೇಳಿ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ ಅಂದರೆ ಸಮ್ಮರಿ ತಿದ್ದಿ. ಎರಡನೆಯದಕ್ಕೆ ಬರಲಿಲ್ಲ ಅಂದರೆ ನೀವು ಗೊತ್ತಿಲ್ಲದೆ ಫಂಕ್ಷನಲ್ ಕಡೆಗೆ ಜಾರಿದ್ದೀರಿ, ಶಿಕ್ಷಕಿ ಅನ್ನುವ ಪದವನ್ನು ಮೊದಲ ಸಾಲಿಗೆ ತನ್ನಿ. ಮೂರನೆಯದಕ್ಕೆ ಬರಲಿಲ್ಲ ಅಂದರೆ ಸ್ಕಿಲ್ಸ್ ಪಟ್ಟಿ ಉದ್ದವಾಗಿ ಪ್ರಾಜೆಕ್ಟನ್ನು ಕೆಳಗೆ ತಳ್ಳಿದೆ. ಪಟ್ಟಿ ಮೊಟಕು ಮಾಡಿ, ಪ್ರಾಜೆಕ್ಟನ್ನು ಮೇಲೆ ತಂದು ಮತ್ತೊಬ್ಬರಿಗೆ ತೋರಿಸಿ.